ಹತ್ತು ಪೋಲ್ ಬಿಟ್ಟು ಒಂದನ್ನು ಹಿಡಿಯೋಣ

ಎಲ್ಲರಿಗೂ ನಮಸ್ಕಾರ. ಬರುವಾಗ ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕಿತ್ತಳೆ ತಗೊಂಡೆ. ಅದು ಆಮೇಲೆ ಬೇಕಾಗುತ್ತೆ. ಮೊದಲು ಬೋರ್ಡ್ ನೋಡಿ.

```
∮ dz / ((z^10 + 1)(z − 3)),   |z| = 2
```

z^10 = −1 ಆಗುವ ಹತ್ತು ಪೋಲ್‌ಗಳೂ 1 ತ್ರಿಜ್ಯದ ವೃತ್ತದ ಮೇಲಿವೆ, ಅಂದರೆ ನಮ್ಮ ಕಾಂಟೂರ್‌ನ ಒಳಗೆ. ಅಂಥ ಪೋಲ್ a ನಲ್ಲಿ ರೆಸಿಡ್ಯೂ −a/(10(a − 3)). ಒಂದಾದರೆ ಸುಲಭ. ಇಂಥ ಹತ್ತು ಕಾಂಪ್ಲೆಕ್ಸ್ ಸಂಖ್ಯೆ ಕೂಡಿಸೋಕೆ ಹೊರಟರೆ ಪರೀಕ್ಷೆಯ ಅರ್ಧ ಹೊತ್ತು ಅಲ್ಲೇ ಹೋಗುತ್ತೆ.

ಈಗ ಕಿತ್ತಳೆ. ಇದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದೆ. ಒಂದು ಕಡೆ ಹತ್ತು ಲವಂಗ ಚುಚ್ಚಿದೆ, ಇನ್ನೊಂದು ಕಡೆ ಒಂದು. ತೊಟ್ಟಿನ ಜಾಗ ಅನಂತ. ಬ್ಯಾಂಡ್ ಮೇಲೆ ಒಂದು ಇರುವೆ ನಡೆಯುತ್ತಿದೆ ಅಂದುಕೊಳ್ಳಿ. ಹತ್ತು ಲವಂಗ ಅದರ ಎಡಕ್ಕಿವೆ. ಅದು ಹಿಂದಿರುಗಿ ನಡೆದರೆ, ಎಡಕ್ಕೆ ಸಿಗುವುದು ಒಂದು ಲವಂಗ ಮತ್ತು ತೊಟ್ಟು. ದಾರಿ ಅದೇ, ದಿಕ್ಕು ಮಾತ್ರ ತಿರುಗಿತು, ಅದಕ್ಕೇ ಮೈನಸ್:

```
ಒಳಗಿನ ಮೊತ್ತ = −(z = 3 ರ ರೆಸಿಡ್ಯೂ) − (ಅನಂತದ ರೆಸಿಡ್ಯೂ)
```

z = 3 ರಲ್ಲಿ ರೆಸಿಡ್ಯೂ 1/(3^10 + 1), ಅಂದರೆ 1/59050. ಅನಂತದ್ದು ಬೇಕಾದರೆ, z ತುಂಬಾ ದೊಡ್ಡದಿರುವಾಗ ಫಂಕ್ಷನ್ ಬಿಡಿಸಿ 1/z ನ ಗುಣಾಂಕ ತೆಗೆದು, ಮೈನಸ್ ಹಾಕಿ. ಇಲ್ಲಿ ಫಂಕ್ಷನ್ ಶುರುವಾಗುವುದೇ 1/z^11 ನಿಂದ. ಹಾಗಾಗಿ ಸೊನ್ನೆ. ಉತ್ತರ −2πi/59050. ಮುಗೀತು.

ಎಡವುವುದು ಮುಂದಿನ ಲೆಕ್ಕದಲ್ಲಿ. ಮೇಲೆ 1 ಇದ್ದ ಕಡೆ z^10 ಬರೆಯಿರಿ. ಈಗಲೂ ಫಂಕ್ಷನ್ ಅನಂತದಲ್ಲಿ ಸೊನ್ನೆಗೇ ಹೋಗುತ್ತೆ. "ಹಾಗಾದರೆ ಅಲ್ಲಿ ರೆಸಿಡ್ಯೂ ಇಲ್ಲ ಅಲ್ವಾ ಸರ್?" ಅಂತ ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಇದೆ! ದೂರದಲ್ಲಿ ಅದು 1/z ಥರ ನಡೆದುಕೊಳ್ಳುತ್ತೆ, ಆದ್ದರಿಂದ ರೆಸಿಡ್ಯೂ −1. ನಾವು ಕೂಡಿಸುತ್ತಿರುವುದು ಬರೀ f ಅಲ್ಲ, f dz. ವೃತ್ತ ದೊಡ್ಡದಾದಷ್ಟೂ 1/z ಸಣ್ಣದಾಗುತ್ತೆ ನಿಜ, ಆದರೆ ಸುತ್ತಳತೆ ಅಷ್ಟೇ ಜಾಸ್ತಿಯಾಗುತ್ತೆ. ಎರಡೂ ಸೇರಿ 2πi ಉಳಿಯುತ್ತೆ. ಛೇದದ ಡಿಗ್ರಿ ಅಂಶದ ಡಿಗ್ರಿಗಿಂತ ಕನಿಷ್ಠ ಎರಡು ಹೆಚ್ಚಿದ್ದರೆ ಮಾತ್ರ ಅನಂತವನ್ನು ಕಣ್ಣುಮುಚ್ಚಿ ಬಿಡಬಹುದು.

z = 3 ರ ರೆಸಿಡ್ಯೂ ಈಗ 59049/59050. ಒಳಗಿನ ಮೊತ್ತ 1 − 59049/59050 = 1/59050. ಉತ್ತರ 2πi/59050.

ಅನಂತವನ್ನು ಮರೆತಿದ್ದರೆ ಹೆಚ್ಚುಕಡಿಮೆ −6.28i ಬರುತ್ತಿತ್ತು. ಅದು ತಪ್ಪು ಅಂತ ಗೊತ್ತಾಗುವುದು ಹೇಗೆ? |z| = 2 ರ ಮೇಲೆ z^10 ನ ಗಾತ್ರ 1024. ಅದರ ಪಕ್ಕ ಆ +1 ಲೆಕ್ಕಕ್ಕೇ ಬರಲ್ಲ. ಹಾಗಾಗಿ z^10/(z^10 + 1) ಸುಮಾರು 1. ಉಳಿಯುವುದು 1/(z − 3), ಅದರ ಪೋಲ್ ಕಾಂಟೂರ್ ಆಚೆ ಇದೆ, ಇಂಟಿಗ್ರಲ್ ಸೊನ್ನೆ. ಅಂದಮೇಲೆ ನಮ್ಮ ಉತ್ತರ ಸೊನ್ನೆಯ ಹತ್ತಿರವೇ ಇರಬೇಕು.

ಈಗ ನೀವು |z| = 4 ತಗೊಂಡು ಎರಡನ್ನೂ ಮಾಡಿ. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ 2πi ಬರಬೇಕು. ಅಷ್ಟರಲ್ಲಿ ನಾನು ಲವಂಗ ಕಿತ್ತು ಹಣ್ಣು ಸುಲಿಯುತ್ತೇನೆ.