ಮೂವತ್ತೇಳು ಓವರ್, ಒಂದು ಎಸೆತ

ಕೇಳುಗರಿಗೆ ನಮಸ್ಕಾರ.

2023ರ ಸೆಪ್ಟೆಂಬರ್ 5. ಲಾಹೋರಿನ ಗಡಾಫಿ ಕ್ರೀಡಾಂಗಣ. ಏಷ್ಯಾ ಕಪ್ ಪಂದ್ಯದಲ್ಲಿ ಶ್ರೀಲಂಕಾ 291 ರನ್ ಹೊಡೆದಿದೆ, ಅಫ್ಘಾನಿಸ್ತಾನ ಬೆನ್ನಟ್ಟುತ್ತಿದೆ. ಗೆಲ್ಲಲು ಬೇಕಾದದ್ದು 292. ಓವರ್‌ಗಳಂತೂ ಐವತ್ತು ಇವೆ. ಆದರೆ ಅಫ್ಘನ್ನರು ಐವತ್ತು ಓವರ್ ಆಡಿ ಗೆದ್ದರೆ ಪ್ರಯೋಜನವಿಲ್ಲ. ಮುಂದಿನ ಸುತ್ತಿಗೆ ಹೋಗಬೇಕಾದರೆ 37 ಓವರ್ 1 ಎಸೆತದೊಳಗೆ 292 ಮುಟ್ಟಬೇಕು. ಮೊಹಮ್ಮದ್ ನಬಿ 32 ಎಸೆತಗಳಲ್ಲಿ 65 ಹೊಡೆದು ಹೋಗಿದ್ದಾರೆ. 37ನೇ ಓವರಿನಲ್ಲಿ ರಶೀದ್ ಖಾನ್ ಮೂರು ಬೌಂಡರಿ ಬಾರಿಸಿ ಮೊತ್ತವನ್ನು 289ಕ್ಕೆ ತಂದಿದ್ದಾರೆ. ಈಗ ಒಂದೇ ಎಸೆತ, ಮೂರು ರನ್. ಮುಜೀಬ್ ಎತ್ತಿ ಹೊಡೆದರು, ಚೆಂಡು ಬೌಂಡರಿ ಬಳಿ ನಿಂತವನ ಕೈ ಸೇರಿತು.

ಕೊನೆಯ ಬ್ಯಾಟರ್ ಫಾರೂಕಿ ಬಂದರು. ಬಂದ ಚೆಂಡನ್ನು ತಡೆದರು. ಇನ್ನೊಂದನ್ನೂ ತಡೆದರು. ಮೂರನೆಯದಕ್ಕೆ ಎಲ್‌ಬಿಡಬ್ಲ್ಯು. ಪಂದ್ಯ ಎರಡು ರನ್ನಿನಿಂದ ಹೋಯಿತು.

ಆ ಎರಡು ಎಸೆತಗಳನ್ನು ಅವರು ತಡೆಯಬಾರದಿತ್ತು. ಮುಜೀಬ್ ಔಟಾದ ಮೇಲೂ ಅಫ್ಘಾನಿಸ್ತಾನಕ್ಕೆ ದಾರಿ ಇತ್ತು, ಆದರೆ ಮೈದಾನದಲ್ಲಿದ್ದ ಇಬ್ಬರಿಗೆ ಅದು ಗೊತ್ತಿರಲಿಲ್ಲ. ಅದು ಯಾವ ದಾರಿ ಎಂಬುದನ್ನು ಇವತ್ತು ಲೆಕ್ಕ ಹಾಕಿ ನೋಡೋಣ. ಹತ್ತಿರದಲ್ಲಿ ಕಾಗದ, ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ.

ಮೊದಲು ಆ ಗುಂಪಿನ ಪರಿಸ್ಥಿತಿ. ಮೂರು ತಂಡ, ಎರಡಕ್ಕೆ ಮಾತ್ರ ಮುಂದಿನ ಸುತ್ತು. ಶ್ರೀಲಂಕಾ ಬಾಂಗ್ಲಾದೇಶವನ್ನು ಸೋಲಿಸಿತ್ತು. ಬಾಂಗ್ಲಾದೇಶ ಅಫ್ಘಾನಿಸ್ತಾನವನ್ನು ಸೋಲಿಸಿತ್ತು. ಈಗ ಅಫ್ಘಾನಿಸ್ತಾನ ಶ್ರೀಲಂಕಾವನ್ನು ಸೋಲಿಸಿದರೆ ಮೂವರಿಗೂ ಒಂದೊಂದು ಗೆಲುವು, ಎರಡೆರಡು ಪಾಯಿಂಟ್. ಸಮ ಪಾಯಿಂಟ್ ಬಂದಾಗ ಪರಸ್ಪರ ಆಡಿದ ಪಂದ್ಯದಲ್ಲಿ ಯಾರು ಗೆದ್ದರೋ ಅವರನ್ನೇ ಮುಂದೆ ಕಳಿಸಬಾರದೇ ಎಂದು ಬಹಳ ಜನ ಕೇಳುತ್ತಾರೆ. ಎರಡು ತಂಡಗಳ ನಡುವೆ ಆ ಮಾತಿಗೆ ಅರ್ಥವಿದೆ, ನನಗೂ ಅದರ ಬಗ್ಗೆ ಒಲವಿದೆ. ಆದರೆ ಇಲ್ಲಿ ನೋಡಿ, ಒಬ್ಬರು ಇನ್ನೊಬ್ಬರನ್ನು, ಅವರು ಮತ್ತೊಬ್ಬರನ್ನು ಸೋಲಿಸಿ ಒಂದು ಸುತ್ತು ತಿರುಗಿ ಬಂದಿದೆ. ಪರಸ್ಪರ ಫಲಿತಾಂಶ ಏನನ್ನೂ ಬಿಡಿಸುವುದಿಲ್ಲ. ಹಾಗಾಗಿ ನೆಟ್ ರನ್ ರೇಟ್.

ಅದರ ಲೆಕ್ಕ ಇಷ್ಟೇ. ಟೂರ್ನಿಯಲ್ಲಿ ಇಲ್ಲಿಯವರೆಗೆ ನಾವು ಹೊಡೆದ ಒಟ್ಟು ರನ್ನನ್ನು ನಾವು ಆಡಿದ ಒಟ್ಟು ಓವರಿನಿಂದ ಭಾಗಿಸಬೇಕು. ಎದುರಾಳಿಗಳು ನಮ್ಮ ಮೇಲೆ ಹೊಡೆದ ಒಟ್ಟು ರನ್ನನ್ನು ಅವರು ಆಡಿದ ಒಟ್ಟು ಓವರಿನಿಂದ ಭಾಗಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ನೆಟ್ ರನ್ ರೇಟ್. ಎಷ್ಟು ವಿಕೆಟ್ ಉಳಿಸಿಕೊಂಡು ಗೆದ್ದೆವು ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಹತ್ತು ವಿಕೆಟ್‌ನಿಂದ ಗೆದ್ದರೂ ಒಂದು ವಿಕೆಟ್‌ನಿಂದ ಗೆದ್ದರೂ ರನ್ನು, ಓವರು ಅಷ್ಟೇ ಇದ್ದರೆ ಲೆಕ್ಕವೂ ಅಷ್ಟೇ.

ಜನ ತಪ್ಪುವುದು ಮೂರು ಕಡೆ. ಪ್ರತಿ ಪಂದ್ಯದ ರನ್ ರೇಟ್ ಬೇರೆ ಬೇರೆ ತೆಗೆದು ಸರಾಸರಿ ಮಾಡುತ್ತಾರೆ. ಹಾಗಲ್ಲ, ಎಲ್ಲ ರನ್ನು ಒಂದು ರಾಶಿ, ಎಲ್ಲ ಓವರು ಒಂದು ರಾಶಿ, ಆಮೇಲೆ ಒಂದೇ ಭಾಗಾಕಾರ. ಎರಡನೆಯದು, ಸ್ಕೋರ್‌ಬೋರ್ಡಿನ ಚುಕ್ಕಿ. 37.1 ಅಂದರೆ ಮೂವತ್ತೇಳು ಓವರ್ ಮತ್ತು ಒಂದು ಎಸೆತ, ಅಂದರೆ ಮೂವತ್ತೇಳೂ ಆರನೇ ಒಂದು ಭಾಗ. ಕ್ಯಾಲ್ಕುಲೇಟರಿಗೆ 37.1667 ಎಂದು ಕೊಡಬೇಕು. 37.1 ಎಂದೇ ಒತ್ತಿದರೆ ಉತ್ತರ ತಪ್ಪುತ್ತದೆ, ಇಂಥ ಬಿಗಿ ಲೆಕ್ಕದಲ್ಲಿ ಅದೇ ಸಾಕು ಕೆಡಿಸಲು. ಮೂರನೆಯದು ಆಲೌಟ್. ಒಂದು ತಂಡ ಆಲೌಟಾದರೆ ಅದು ಆಡಿದ ಓವರನ್ನು ಹಿಡಿಯುವುದಿಲ್ಲ, ಪೂರ್ತಿ ಐವತ್ತು ಓವರ್ ಆಡಿದಂತೆಯೇ ಹಿಡಿಯುತ್ತಾರೆ. ಬಾಂಗ್ಲಾದೇಶದ ವಿರುದ್ಧ ಅಫ್ಘಾನಿಸ್ತಾನ 44 ಓವರ್ 3 ಎಸೆತಕ್ಕೆ 245ಕ್ಕೆ ಆಲೌಟಾಗಿತ್ತು. ಆಡಿದ ಓವರಿಗೆ ಹಂಚಿದರೆ ಓವರಿಗೆ ಐದೂವರೆ ರನ್. ಪುಸ್ತಕಕ್ಕೆ ಬಂದದ್ದು 245 ಭಾಗಿಸು 50, ಅಂದರೆ 4.9. ಈ ನಿಯಮ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಇಲ್ಲದಿದ್ದರೆ ಹತ್ತು ಓವರ್ ಬೀಸಾಡಿ ನೂರಕ್ಕೆ ಆಲೌಟಾದವರ ರನ್ ರೇಟ್ ಹತ್ತು ಎಂದಾಗಿಬಿಡುತ್ತಿತ್ತು.

ಈಗ ಲಾಹೋರಿನ ಲೆಕ್ಕ. ಅಫ್ಘಾನಿಸ್ತಾನ ಎರಡು ಪಂದ್ಯದಲ್ಲಿ ಬಿಟ್ಟುಕೊಟ್ಟ ರನ್ 334 ಮತ್ತು 291, ಒಟ್ಟು 625. ನೂರು ಓವರ್. ಓವರಿಗೆ 6.25. ಇದು ಇನ್ನು ಬದಲಾಗುವುದಿಲ್ಲ. ಹೊಡೆದದ್ದು ಹಳೆಯ 245, ಜೊತೆಗೆ ಈವತ್ತಿನ 292, ಒಟ್ಟು 537. ಓವರು ಹಳೆಯ 50, ಜೊತೆಗೆ ಮೂವತ್ತೇಳು ಚಿಲ್ಲರೆ. 37.1ಕ್ಕೆ ಮುಗಿಸಿದರೆ ಓವರಿಗೆ 6.161. ಕಳೆದರೆ ಸೊನ್ನೆಗಿಂತ ಕೆಳಗೆ, ಮೈನಸ್ 0.089.

ಆ ಕಡೆ ಶ್ರೀಲಂಕಾ. ಬಾಂಗ್ಲಾದೇಶವನ್ನು 164ಕ್ಕೆ ಆಲೌಟ್ ಮಾಡಿ 39 ಓವರಿನಲ್ಲಿ 165 ಹೊಡೆದಿತ್ತು. ಇಲ್ಲಿ 50 ಓವರಿಗೆ 291. ಒಟ್ಟು 89 ಓವರಿಗೆ 456, ಓವರಿಗೆ 5.124. ಬಿಟ್ಟುಕೊಟ್ಟದ್ದು 164 ಮತ್ತು 292, ಅದೂ ಆಕಸ್ಮಿಕವಾಗಿ 456ವೇ, ಆದರೆ 87 ಓವರ್ 1 ಎಸೆತದಲ್ಲಿ. ಓವರಿಗೆ 5.231. ಕಳೆದರೆ ಮೈನಸ್ 0.108. ಅಂದರೆ ಅಫ್ಘಾನಿಸ್ತಾನ ಕೂದಲೆಳೆಯಷ್ಟು ಮೇಲೆ. ಬಾಂಗ್ಲಾದೇಶ ಆಗಲೇ ಪ್ಲಸ್ 0.373ರಲ್ಲಿ ಕೂತಿತ್ತು, ಅದಕ್ಕೆ ಭಯವಿರಲಿಲ್ಲ.

ಅದೇ 292 ಒಂದು ಎಸೆತ ತಡವಾಗಿ, 37.2ಕ್ಕೆ ಬಂದರೆ? ಅಫ್ಘಾನಿಸ್ತಾನ ಮೈನಸ್ 0.101, ಶ್ರೀಲಂಕಾ ಮೈನಸ್ 0.098. ತಲೆಕೆಳಗಾಯಿತು. ಎರಡು ಪಂದ್ಯಗಳ ಆಟ ಒಂದು ಎಸೆತದ ಮೇಲೆ ನಿಂತಿತ್ತು ಎಂದಾಗ ಅದು ಮಾತಿನ ಅಲಂಕಾರವಲ್ಲ, ಲೆಕ್ಕವೇ ಹಾಗಿದೆ.

ಇಲ್ಲಿ ಇನ್ನೊಂದು ಮಾತು. ಐದು ದಿನ ಹಿಂದೆ, ಆಗಸ್ಟ್ 31ರಂದು, ಶ್ರೀಲಂಕಾ ಆ 165 ರನ್ನನ್ನು 39ರ ಬದಲು 35 ಓವರಿನಲ್ಲಿ ಹೊಡೆದಿದ್ದರೆ ಏನಾಗುತ್ತಿತ್ತು ಎಂದು ನಾನು ಕೂತು ಲೆಕ್ಕ ಹಾಕಿದೆ. ಆಗ ಅಫ್ಘನ್ನರ ಗಡಿ 37.1 ಅಲ್ಲ, 35.2 ಆಗುತ್ತಿತ್ತು. ಗೆಲುವು ಖಚಿತವಾದ ಪಂದ್ಯದಲ್ಲಿ ನಿಧಾನವಾಗಿ ತೆಗೆದ ಒಂಟಿ ರನ್ನುಗಳೂ ಪುಸ್ತಕದಲ್ಲಿ ಉಳಿದಿರುತ್ತವೆ.

ಈಗ ಆ ದಾರಿಗೆ ಬರೋಣ. 37.1ರ ಗಡಿ 292 ರನ್ನಿಗೆ ಹಾಕಿದ್ದು. ಆದರೆ ಬೆನ್ನಟ್ಟುವ ತಂಡ 292ಕ್ಕೇ ನಿಲ್ಲಬೇಕೆಂದಿಲ್ಲ. ಗೆಲುವಿನ ಹೊಡೆತ ಬೌಂಡರಿಯಾದರೆ ನಾಲ್ಕೂ ರನ್, ಸಿಕ್ಸರ್ ಆದರೆ ಆರೂ ರನ್ ಮೊತ್ತಕ್ಕೆ ಸೇರುತ್ತದೆ. ಮೊತ್ತ ಬೆಳೆದಷ್ಟೂ ಗಡಿ ಮುಂದಕ್ಕೆ ಸರಿಯುತ್ತದೆ. 293ಕ್ಕೆ 37.2. 294ಕ್ಕೆ 37.3. 295ಕ್ಕೆ 37.5. 296ಕ್ಕೆ 38 ಓವರ್. 297ಕ್ಕೆ 38.1.

ಈ ಮೆಟ್ಟಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಫಾರೂಕಿ ಆಡಿದ ಎಸೆತಗಳನ್ನು ಮತ್ತೆ ನೋಡಿ. ಸ್ಕೋರು 289. ಅವರ ಮೊದಲ ಎಸೆತ 37.2. ಅದರಲ್ಲಿ ನಾಲ್ಕು ಬಂದಿದ್ದರೂ ಸಾಕಿತ್ತು. ಮುಂದಿನದು 37.3. ಅಲ್ಲಿ ನಾಲ್ಕು ಸಾಲದು, ಸಿಕ್ಸರ್ ಆಗಿದ್ದರೆ 295, ಆರಾಮ. 37.4ರಲ್ಲೂ ಸಿಕ್ಸರ್ ನಡೆಯುತ್ತಿತ್ತು. ಇಲ್ಲವೇ ಒಂದು ರನ್ ಓಡಿ 16 ಎಸೆತಕ್ಕೆ 27 ಹೊಡೆದಿದ್ದ ರಶೀದ್ ಖಾನರಿಗೆ ಬ್ಯಾಟಿಂಗ್ ಕೊಡಬಹುದಿತ್ತು. ಆಗ ಸ್ಕೋರು 290. ಅಲ್ಲಿಂದ ಅವರ ಒಂದು ಸಿಕ್ಸರ್ ಅಂದರೆ 296, ಅದಕ್ಕೆ ಮೂವತ್ತೆಂಟನೇ ಓವರ್ ಮುಗಿಯುವವರೆಗೆ ಸಮಯವಿತ್ತು. ಇವೆಲ್ಲ ಸುಲಭ ಎಂದು ನಾನು ಹೇಳುತ್ತಿಲ್ಲ. ಪ್ರಯತ್ನಕ್ಕಾದರೂ ಅವಕಾಶವಿತ್ತು ಎಂಬುದಷ್ಟೇ. ಪಂದ್ಯದ ನಂತರ ತಂಡದ ಕೋಚ್ ಜೊನಾಥನ್ ಟ್ರಾಟ್ ಹೇಳಿದ್ದೂ ಇದನ್ನೇ. 37.1 ಎಂಬುದೊಂದನ್ನೇ ತಮಗೆ ತಿಳಿಸಿದ್ದರು, ಉಳಿದ ಲೆಕ್ಕ ತಮಗೆ ಬಂದೇ ಇರಲಿಲ್ಲ ಎಂದರು.

ನಮ್ಮ ಬೆಂಗಳೂರಿನಲ್ಲಿ 2024ರ ಮೇ 18ರಂದು ಆರ್‌ಸಿಬಿ ಮತ್ತು ಚೆನ್ನೈ ಆಡಿದ ರಾತ್ರಿ ನಿಮಗೆ ನೆನಪಿರಬೇಕು. ಆರ್‌ಸಿಬಿ 218 ಹೊಡೆದಿತ್ತು. ಚೆನ್ನೈಗೆ ಗೆಲ್ಲಲು 219, ಆದರೆ ಸೋತರೂ 201 ಮುಟ್ಟಿದರೆ ಪ್ಲೇಆಫ್. ಚಿನ್ನಸ್ವಾಮಿಯಲ್ಲಿ ಕೂತ ಮಕ್ಕಳಿಗೂ 201 ಬಾಯಿಪಾಠವಾಗಿತ್ತು. ಅಲ್ಲಿ ಲೆಕ್ಕ ಅಷ್ಟು ಸಲೀಸಾದದ್ದಕ್ಕೆ ಕಾರಣವಿದೆ. ಸೋಲುವ ತಂಡ ಇಪ್ಪತ್ತು ಓವರ್ ಆಡಿದರೂ ಆಲೌಟಾದರೂ ಹಿಡಿಯುವುದು ಇಪ್ಪತ್ತು ಓವರೇ. ಓವರು ಸ್ಥಿರ, ರನ್ನು ಮಾತ್ರ ಬದಲಾಗುವುದು, ಆದ್ದರಿಂದ ಒಂದೇ ಗೆರೆ. ಕೊನೆಯ ಓವರಿಗೆ ಆ ಗೆರೆ ಮುಟ್ಟಲು 17 ಬೇಕಿತ್ತು. ಯಶ್ ದಯಾಳ್ ಅವರ ಮೊದಲ ಎಸೆತವನ್ನು ಧೋನಿ ಸಿಕ್ಸರಿಗೆ ಎತ್ತಿದರು, ಎರಡನೆಯದಕ್ಕೆ ಔಟಾದರು, ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಕ್ಕೆ 14 ಪಾಯಿಂಟ್. ಆರ್‌ಸಿಬಿ ಪ್ಲಸ್ 0.459, ಚೆನ್ನೈ ಪ್ಲಸ್ 0.392. ಮೊದಲ ಎಂಟರಲ್ಲಿ ಏಳು ಸೋತಿದ್ದ ತಂಡ ಒಳಗೆ ಹೋಯಿತು.

ಲಾಹೋರಿನಲ್ಲಿ ಹಾಗಿರಲಿಲ್ಲ. ಬೆನ್ನಟ್ಟಿ ಗೆಲ್ಲಬೇಕಾದ ತಂಡಕ್ಕೆ ಮೊತ್ತವೂ ಬದಲಾಗುತ್ತದೆ, ಎಸೆತವೂ ಬದಲಾಗುತ್ತದೆ. ಅಲ್ಲಿ ಒಂದೇ ಗೆರೆ ಎಳೆಯಲು ಬರುವುದಿಲ್ಲ. ಬೇಕಿದ್ದದ್ದು ಒಂದು ಚೀಟಿ. ಅದರ ಮೇಲೆ 292ರಿಂದ 297ರವರೆಗೆ ಆರು ಮೊತ್ತ, ಪ್ರತಿಯೊಂದರ ಎದುರು ಒಂದು ಓವರು. ನೀರು ಕೊಡುವ ಹುಡುಗ ಗ್ಲೌಸಿನ ಜೊತೆ ಅದನ್ನು ಒಯ್ದು ಕೊಡಬಹುದಿತ್ತು.

ನಮಸ್ಕಾರ.