‘ಸರಿ.’ ಅಂದರೆ ಸಿಟ್ಟೇ?

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಆರೇ ಆರು ಮೆಸೇಜುಗಳ ಬಗ್ಗೆ ಮಾತಾಡುತ್ತೇನೆ. ಇವನ್ನು ಈ ಉಪನ್ಯಾಸಕ್ಕಾಗಿ ನಾನೇ ಕಟ್ಟಿದ್ದು. ಆದರೂ ನಿಮ್ಮಲ್ಲಿ ಹಲವರಿಗೆ ಇದು ನಿಮ್ಮ ಫೋನಿನಿಂದಲೇ ಎತ್ತಿದಂತೆ ಕಾಣಬಹುದು.

ಹುಡುಗಿ ಬೆಂಗಳೂರಿನ ವಿಜಯನಗರದವಳು. ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. ಸ್ನೇಹಿತರೊಬ್ಬರ ಮದುವೆಯಲ್ಲಿ ಪರಿಚಯ. ಮೂರು ವಾರದಿಂದ ದಿನಾ ರಾತ್ರಿ ಚಾಟ್ ನಡೆದಿದೆ. ‘ನೀವು’ ಹೋಗಿ ‘ನೀನು’ ಬಂದಾಗಿದೆ. ಇಬ್ಬರಿಗೂ ಇಷ್ಟ, ಆದರೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಶನಿವಾರ ಮೊದಲ ಸಲ ಇಬ್ಬರೇ ಭೇಟಿಯಾಗುವ ಮಾತು ಬಂದಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ.

ಅವಳು: Shanivara 4.30 ge Gandhi Bazaar, barthiya?
ಅವನು: Silk Board daati barbeku kane, 5 aagbahudu
ಅವಳು: Oho, doddavru. Kaytini bidi.
ಅವನು: Sari.
ಅವಳು: YAAKE
ಅವನು: Enilla.

ಅಲ್ಲಿಗೆ ಮಾತು ನಿಂತಿತು. ಇಲ್ಲಿ ಯಾರೂ ಕೆಟ್ಟ ಮಾತು ಆಡಿಲ್ಲ. ಯಾರಿಗೂ ಮೊದಲು ಸಿಟ್ಟೂ ಇರಲಿಲ್ಲ. ಹಾಗಾದರೆ ಕೆಟ್ಟಿದ್ದು ಎಲ್ಲಿ?

ಮೂರನೇ ಮೆಸೇಜಿನಿಂದ ಶುರು ಮಾಡೋಣ. ಅದನ್ನು ಟೈಪ್ ಮಾಡುವಾಗ ಹುಡುಗಿ ನಗುತ್ತಿದ್ದಳು. ‘ಓಹೋ, ದೊಡ್ಡವರು, ಕಾಯ್ತೀನಿ ಬಿಡಿ’ ಅಂತ ರಾಗ ಎಳೆದು ಅವಳ ತಲೆಯೊಳಗೆ ಅವಳದೇ ದನಿ ಕೇಳುತ್ತಿತ್ತು. ನಮ್ಮ ಕನ್ನಡದಲ್ಲಿ ಇದು ಹಳೆಯ ರೂಢಿ. ಏಕವಚನದಲ್ಲಿ ಮಾತಾಡುವವರನ್ನು ಛೇಡಿಸಬೇಕು ಅಂದರೆ ತಟ್ಟನೆ ಬಹುವಚನಕ್ಕೆ ಏರುತ್ತೇವೆ. ‘ಬನ್ನಿ ಸಾಹೇಬರೇ’, ‘ಏನು ತಾವು ಇಷ್ಟು ದೂರ ದಯಮಾಡಿಸಿದ್ದು’ ಅಂತೀವಲ್ಲ, ಹಾಗೆ. ಎದುರಿಗೆ ಇದ್ದಾಗ ಹುಬ್ಬು, ತುಟಿ, ದನಿ ಎಲ್ಲ ಸೇರಿ ಅದು ತಮಾಷೆ ಅಂತ ಹೇಳಿಬಿಡುತ್ತವೆ. ಫೋನಿನಲ್ಲಿ ಹೋದದ್ದು ಬರೀ ಅಕ್ಷರ. ಮೊನ್ನೆ ಮೊನ್ನೆ ‘ನೀನು’ ಅಂದವಳು ಇವತ್ತು ‘ಬಿಡಿ’ ಅಂದಿದ್ದಾಳೆ. ಹುಡುಗನಿಗೆ ಅದು ದೂರ ಸರಿದ ಹಾಗೆ ಕಾಣುತ್ತದೆ. ಛೇಡಿಸುವಾಗಲೂ ಬಹುವಚನ, ಮುನಿಸಿಕೊಂಡಾಗಲೂ ಬಹುವಚನ. ಮೂರು ವಾರದ ಪರಿಚಯದಲ್ಲಿ ಇದು ಯಾವುದು ಅಂತ ಅವನಿಗೆ ಹೇಗೆ ತಿಳಿಯಬೇಕು?

ಕಳಿಸಿದವರಿಗೆ ಇದು ಯಾಕೆ ಹೊಳೆಯುವುದಿಲ್ಲ ಅನ್ನುವುದಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರುಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ್ದು. ಕೆಲವು ವಾಕ್ಯಗಳನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ತಲುಪಿಸಬೇಕಿತ್ತು. ಒಮ್ಮೆ ದನಿಯಲ್ಲಿ, ಒಮ್ಮೆ ಈಮೇಲಿನಲ್ಲಿ. ಯಾವ ದಾರಿಯಲ್ಲಿ ಹೋದರೂ ಕೇಳುವವರು ನೂರಕ್ಕೆ 78ರಷ್ಟು ಸಲ ಸರಿಯಾಗಿ ಹಿಡಿಯುತ್ತಾರೆ ಅಂತ ಕಳಿಸಿದವರು ನಂಬಿದ್ದರು. ದನಿಯಲ್ಲಿ ನಿಜಕ್ಕೂ 73 ಬಂತು. ಈಮೇಲಿನಲ್ಲಿ ಬಂದದ್ದು 56. ನಾಣ್ಯ ಚಿಮ್ಮಿ ಊಹಿಸಿದರೂ 50 ಬರುತ್ತದೆ, ಅಲ್ವಾ? ಕಣ್ಣಲ್ಲಿ ಓದುವಾಗ ವ್ಯಂಗ್ಯ ಗೊತ್ತಾಗುವುದು ಹೆಚ್ಚುಕಡಿಮೆ ಅದೃಷ್ಟದ ಮಾತು. ಅದಕ್ಕಿಂತ ದೊಡ್ಡ ವಿಷಯ, ತನ್ನ ದನಿ ಅಕ್ಷರದ ಜೊತೆ ಹೋಗಲಿಲ್ಲ ಅನ್ನುವುದೇ ಕಳಿಸಿದವರಿಗೆ ಗೊತ್ತಾಗುವುದಿಲ್ಲ.

ಈಗ ನಾಲ್ಕನೇ ಮೆಸೇಜು. ‘Sari’, ಆಮೇಲೆ ಒಂದು ಚುಕ್ಕಿ. ಈ ಚುಕ್ಕಿಯ ಬಗ್ಗೆ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದಲ್ಲಿ ಸೀಲಿಯಾ ಕ್ಲಿನ್ ಅವರ ತಂಡ ಕೆಲಸ ಮಾಡಿದೆ. ಒಂದೇ ಪದದ ಉತ್ತರಕ್ಕೆ ಚುಕ್ಕಿ ಇಟ್ಟರೆ ಓದುವ ವಿದ್ಯಾರ್ಥಿಗಳಿಗೆ ಅದು ಮನಸ್ಸಿಟ್ಟು ಹೇಳಿದ್ದಲ್ಲ ಅನ್ನಿಸುತ್ತಿತ್ತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿ ಇದ್ದಾಗ ಚುಕ್ಕಿಯಿಂದ ಏನೂ ವ್ಯತ್ಯಾಸ ಆಗಲಿಲ್ಲ. ಕಾರಣ ಸರಳ. ಚಾಟಿನಲ್ಲಿ ಮೆಸೇಜು ಕಳಿಸಿದರೆ ಅಲ್ಲಿಗೇ ವಾಕ್ಯ ಮುಗಿಯಿತು. ಚುಕ್ಕಿ ಬೇಕಾಗಿಲ್ಲ. ಬೇಡದ ಕಡೆ ಬಂದದ್ದಕ್ಕೆ ಓದುವವರು ಒಂದು ಅರ್ಥ ಹುಡುಕುತ್ತಾರೆ.

ಆದರೆ ‘ಚುಕ್ಕಿ ಅಂದರೆ ಸಿಟ್ಟು’ ಅಂತ ಬಾಯಿಪಾಠ ಮಾಡಿಕೊಳ್ಳಬೇಡಿ. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತೇ ಇದು. ಯಾವ ಚಿಹ್ನೆಗೂ ತನ್ನದೇ ಆದ ದನಿ ಇಲ್ಲ. ಆ ಮನುಷ್ಯ ಎಂದಿನಂತೆ ಬರೆಯುವುದು ಹೇಗೆ, ಇವತ್ತು ಬರೆದದ್ದು ಹೇಗೆ, ಆ ವ್ಯತ್ಯಾಸದಲ್ಲಿ ದನಿ ಇರುತ್ತದೆ. ದಿನಾ ಪ್ರತಿ ಸಾಲಿಗೂ ಚುಕ್ಕಿ ಇಡುವವರು ಇವತ್ತೂ ಇಟ್ಟರೆ ಅದರಲ್ಲಿ ಏನೂ ಇಲ್ಲ. ನಮ್ಮ ಹುಡುಗ ಮೂರು ವಾರದಿಂದ ‘sari kane’, ‘sariiii’ ಅಂತಲೇ ಬರೆದವನು. ಸ್ವಲ್ಪ ಮುಂಚೆ ಕೂಡ ‘daati barbeku kane’ ಅಂದಿದ್ದ. ಈಗ ‘kane’ ಹೋಯಿತು, ಎಳೆದ ಸ್ವರ ಹೋಯಿತು, ಚುಕ್ಕಿ ಬಂತು. ಒಂದೇ ಸಲ ಮೂರು ಬದಲಾವಣೆ. ಹುಡುಗಿ ಗಾಬರಿಯಾದದ್ದು ಸರಿಯೇ.

ಒಂದೇ ಒಂದು ಬದಲಾವಣೆ ಕಂಡರೆ ಮಾತ್ರ ತಾಳಿ. ಸ್ಪೇಸ್ ಬಾರನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಬಹಳಷ್ಟು ಫೋನುಗಳು ತಾವೇ ಚುಕ್ಕಿ ಇಟ್ಟುಬಿಡುತ್ತವೆ. ಉತ್ತರ ತುಂಡಾಗಿದೆ ಅಂದರೆ ಅವರು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸುತ್ತಾ ಒಂದು ಕೈಯಲ್ಲಿ ಟೈಪ್ ಮಾಡುತ್ತಿರಬಹುದು. ಎರಡು ಮೂರು ಗುರುತು ಒಟ್ಟಿಗೆ ಬಂದು, ಮುಂದಿನ ಎರಡು ಉತ್ತರದಲ್ಲೂ ಅದೇ ಉಳಿದರೆ ಆಗ ಏನೋ ಆಗಿದೆ ಅಂತ ಲೆಕ್ಕ.

ಇನ್ನು ದೊಡ್ಡಕ್ಷರ. ಹುಡುಗಿ ‘YAAKE’ ಅಂದದ್ದು ‘ಅಯ್ಯೋ ಯಾಕೋ, ಏನಾಯ್ತೋ’ ಅನ್ನುವ ಕಳವಳದಲ್ಲಿ. ಆಗಲೇ ಮನಸ್ಸು ಮುದುಡಿದ್ದ ಹುಡುಗ ಅದನ್ನು ಗದರಿಕೆ ಅಂತ ಓದಿದ. ಎಲ್ಲ ದೊಡ್ಡಕ್ಷರದಲ್ಲಿ ಬರೆದರೆ ಕೂಗಿದಂತೆ ಅನ್ನುವ ರೂಢಿ 1980ರ ದಶಕದ ಇಂಟರ್ನೆಟ್ ಚರ್ಚೆಗಳಲ್ಲೇ ಇತ್ತು. ಖುಷಿಯ ಕೂಗೂ ಕೂಗೇ. ‘BANDE’ ಅಂತ ಬಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಪದದಲ್ಲೇ ಖುಷಿ ಇದೆ. ಪ್ರಶ್ನೆ ಕೇಳುವ ಪದ, ಬೇಡ ಅನ್ನುವ ಪದ, ಹೆಸರು, ಇವು ದೊಡ್ಡಕ್ಷರದಲ್ಲಿ ಒಂಟಿಯಾಗಿ ಬಂದಾಗಲೇ ತೊಂದರೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಬರಹ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತವರಿಗೆ ‘L’ ಒತ್ತಿದರೆ ಳ, ‘D’ ಒತ್ತಿದರೆ ಡ, ‘E’ ಒತ್ತಿದರೆ ಏ. ಆ ಕೈರೂಢಿ ಅವರನ್ನು ಬಿಡುವುದಿಲ್ಲ. ಅವರು ಚಾಟಿನಲ್ಲೂ ‘bEDa’, ‘hELu’ ಅಂತಲೇ ಬರೆಯುತ್ತಾರೆ. ಉಚ್ಚಾರ ಸರಿಯಾಗಿ ಬರಲಿ ಅನ್ನುವ ಕಾಳಜಿ ಅದು. ಗೊತ್ತಿಲ್ಲದವರಿಗೆ ಅರ್ಧ ಕೂಗಿ, ಅರ್ಧ ನುಂಗಿದ ಹಾಗೆ ಕಾಣುತ್ತದೆ. ಪದದ ನಡುವೆ ಒಂದೊಂದು ದೊಡ್ಡಕ್ಷರ ಕಂಡರೆ ಅದು ದನಿಯಲ್ಲ, ಕಾಗುಣಿತ.

ಕನ್ನಡ ಲಿಪಿಯಲ್ಲೇ ಬರೆದರೆ ದೊಡ್ಡಕ್ಷರದ ಗೊಂದಲವೇ ಇಲ್ಲ. ಬದಲಿಗೆ ಒಂದು ಕೊರತೆ ಇದೆ. ‘baaaa’ ಅಂತ ಮುದ್ದಾಗಿ ಎಳೆದ ಹಾಗೆ ಕನ್ನಡದಲ್ಲಿ ಎಳೆಯಲು ಹೋಗಿ ದೀರ್ಘದ ಗುರುತನ್ನೇ ಮತ್ತೆ ಮತ್ತೆ ಒತ್ತಿದರೆ, ಅನೇಕ ಫೋನುಗಳಲ್ಲಿ ಚುಕ್ಕಿಚುಕ್ಕಿಯ ವೃತ್ತಗಳು ಮೂಡುತ್ತವೆ. ‘ಬಾಆಆ’ ಅಂತ ಬಿಡಿ ಸ್ವರ ಸೇರಿಸಿ, ಸರಿಯಾಗಿ ಕಾಣುತ್ತದೆ. ಒಂದು ಪದಕ್ಕೆ ಒತ್ತು ಬೇಕಿದ್ದರೆ ವಾಟ್ಸ್‌ಆಪ್‌ನಲ್ಲಿ `*ತುಂಬಾ*` ಅಂತ ಎರಡೂ ಕಡೆ ನಕ್ಷತ್ರ ಹಾಕಿ, ಆ ಪದ ದಪ್ಪಗೆ ಬರುತ್ತದೆ. ಕೂಗದೆ ಒತ್ತು ಕೊಡಲು ಇದು ಒಳ್ಳೆಯ ದಾರಿ.

ಹಾಗಾದರೆ ನಮ್ಮ ಹುಡುಗಿ ಏನು ಬರೆಯಬಹುದಿತ್ತು? ಛೇಡಿಸುವುದನ್ನೇ ಬಿಡು ಅಂತ ನಾನು ಖಂಡಿತ ಹೇಳುವುದಿಲ್ಲ. ಛೇಡಿಸುವುದರಲ್ಲೇ ಸಲಿಗೆ ಬೆಳೆಯುತ್ತದೆ. ಬದಲಿಸಬೇಕಾದದ್ದು ಗುರಿ. ‘ದೊಡ್ಡವರು’ ಅನ್ನುವ ಮಾತು ನೇರವಾಗಿ ಅವನ ಮೇಲೆ ಬಿತ್ತು. ಅವನು ನಿಜವಾಗಿ ದೊಡ್ಡಸ್ತಿಕೆಯವನೋ ಅಲ್ಲವೋ ಅನ್ನುವುದರ ಬಗ್ಗೆ ಇಬ್ಬರ ನಡುವೆ ಇನ್ನೂ ಒಂದು ತೀರ್ಮಾನ ಇಲ್ಲ. ಸಿಲ್ಕ್ ಬೋರ್ಡ್ ವಿಷಯ ಹಾಗಲ್ಲ. ಅಲ್ಲಿನ ಟ್ರಾಫಿಕ್ ಹೇಗಿದೆ ಅಂತ ಇಡೀ ಬೆಂಗಳೂರಿಗೆ ಗೊತ್ತು. ‘Silk Board allva, 5 andre bhaanuvaara 5 thaane 😂 kaytini kano’ ಅಂದಿದ್ದರೆ ವ್ಯಂಗ್ಯ ಹಾಗೇ ಇರುತ್ತಿತ್ತು. ನಿಜ ಏನು ಅಂತ ಇಬ್ಬರಿಗೂ ಗೊತ್ತಿರುವುದರಿಂದ ತಪ್ಪು ಓದುವುದು ಕಷ್ಟ. ಜೊತೆಗೆ ‘kano’ ಉಳಿಯಿತು, ಕಾಯುತ್ತೇನೆ ಅನ್ನುವ ನಿಜವಾದ ಮಾತೂ ಅದೇ ಮೆಸೇಜಿನಲ್ಲಿ ಸೇರಿತು.

ಅದೇ ಮೆಸೇಜಿನಲ್ಲಿ ಅನ್ನುವುದು ಮುಖ್ಯ. ನಗುಮುಖವನ್ನು ಆಮೇಲೆ ಬೇರೆಯಾಗಿ ಕಳಿಸಿದರೆ, ನೋಟಿಫಿಕೇಶನ್‌ನಲ್ಲಿ ಮೊದಲು ಚುಚ್ಚುವ ಸಾಲು ಒಂದೇ ಕಾಣುತ್ತದೆ. ನಗು ಬರುವಷ್ಟರಲ್ಲಿ ಮನಸ್ಸು ಕೆಟ್ಟಿರುತ್ತದೆ. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ :-) ಚಿಹ್ನೆಯನ್ನು ಸೂಚಿಸಿದ್ದೂ ತಮಾಷೆಯ ಮಾತು ಯಾವುದು ಅಂತ ಗುರುತಿಸಲಿಕ್ಕೇ. ಒಂದು ಎಚ್ಚರ: 🙂 ಅನ್ನುವ ಸಣ್ಣ ನಗು ಇವತ್ತಿನ ಅನೇಕ ಹುಡುಗ ಹುಡುಗಿಯರಿಗೆ ಹಲ್ಲು ಕಚ್ಚಿ ನಕ್ಕಂತೆ ಕಾಣುತ್ತದೆ. ಛೇಡಿಸುವ ಮಾತಿನ ಪಕ್ಕ ಅದನ್ನು ಇಡಬೇಡಿ. ಇನ್ನೊಂದು ಮಿತಿಯೂ ಇದೆ. ಬಣ್ಣ, ತೂಕ, ಸಂಬಳ, ಹಳೆಯ ಸಂಬಂಧ, ಇಂಥದ್ದರ ಮೇಲೆ ಚುಚ್ಚಿದರೆ ಯಾವ ಇಮೋಜಿಯೂ ಕಾಪಾಡುವುದಿಲ್ಲ. ಅಲ್ಲಿ ಓದುವವರು ತಪ್ಪಾಗಿ ಓದಿಲ್ಲ, ಸರಿಯಾಗಿಯೇ ಓದಿದ್ದಾರೆ.

ಈಗ ‘Sari.’ ಬಂದಾಗಿದೆ ಅಂತಿಟ್ಟುಕೊಳ್ಳಿ. ಹೇಗೆ ಸರಿಪಡಿಸುವುದು? ‘ಜೋಕ್ ಕಣೋ, ಅಷ್ಟೂ ಗೊತ್ತಾಗಲ್ವಾ’ ಅಂದರೆ ತಪ್ಪನ್ನು ಓದಿದವನ ತಲೆಗೆ ಕಟ್ಟಿದ ಹಾಗೆ. ಯಾವ ಮಾತು, ಅದರ ಹಿಂದೆ ಏನಿತ್ತು, ಈಗ ಅವನಿಗೆ ಹೇಗನ್ನಿಸಿದೆ, ಮೂರನ್ನೂ ಬಿಚ್ಚಿ ಹೇಳಿ. ‘ದೊಡ್ಡವರು ಅಂದಿದ್ದು ಸುಮ್ನೆ ಕಾಲೆಳೆಯೋಕೆ ಕಣೋ. ನೀನು ಬರ್ತೀಯಲ್ಲ ಅಂತ ಖುಷಿಯಲ್ಲಿದ್ದೆ. ಬೇಜಾರಾಯ್ತಾ?’ ಹುಡುಗನ ಕಡೆಯಿಂದಲೂ ದಾರಿ ಇತ್ತು. ‘Sari.’ ಅಂತ ಬಾಗಿಲು ಹಾಕುವ ಬದಲು ‘ಕಾಲೆಳೀತಿದೀಯಾ, ಇಲ್ಲ ನಿಜಕ್ಕೂ ಬೇಜಾರಾ?’ ಅಂತ ಕೇಳಬಹುದಿತ್ತು. ನೇರ ಪ್ರಶ್ನೆ ಕೇಳಿದರೆ ಸರಸ ಕೆಡುತ್ತದೆ ಅಂತ ಹಲವರಿಗೆ ಭಯ. ನನಗೆ ಹಾಗನ್ನಿಸುವುದಿಲ್ಲ. ಹಾಗೆ ಕೇಳಿದವರ ಮೇಲೆ ನಂಬಿಕೆ ಹೆಚ್ಚೇ ಆಗುತ್ತದೆ. ಎರಡು ಸಲ ಬರೆದರೂ ಗೊಂದಲ ಬಗೆಹರಿಯದಿದ್ದರೆ ಬರೆಯುವುದನ್ನು ನಿಲ್ಲಿಸಿ, ಹತ್ತು ಸೆಕೆಂಡಿನ ವಾಯ್ಸ್ ಮೆಸೇಜು ಕಳಿಸಿ. ಆಗಲೇ ನೋಡಿದೆವಲ್ಲ, ದನಿಯಲ್ಲಿ 73, ಅಕ್ಷರದಲ್ಲಿ 56.

ಕೊನೆಗೆ ಒಂದು ಸಂದರ್ಭ ಉಳಿದಿದೆ. ‘Beda hogo’, ‘sigalla hogu’ ಅನ್ನುವ ಮಾತುಗಳು ಸರಸದಲ್ಲೂ ಬರುತ್ತವೆ, ನಿಜವಾಗಿ ಬೇಡ ಅನ್ನುವಾಗಲೂ ಬರುತ್ತವೆ. ಇಲ್ಲಿ ಗುರುತು ಹುಡುಕುತ್ತಾ ಕೂರಬೇಡಿ. ಎಳೆದ ಸ್ವರ ಇದೆ, ನಗುಮುಖ ಇದೆ, ಹಾಗಾಗಿ ಇದು ಹೌದು ಅಂತ ಲೆಕ್ಕ ಹಾಕಬೇಡಿ. ಎಷ್ಟೋ ಹೆಣ್ಣುಮಕ್ಕಳು ಎದುರಿನವರು ಸಿಟ್ಟಾಗದಿರಲಿ ಅಂತಲೇ ‘ಬೇಡ’ದ ಪಕ್ಕ ಒಂದು ನಗುಮುಖ ಇಡುತ್ತಾರೆ. ಗೊತ್ತಾಗದಿದ್ದರೆ ಒಂದು ಸಲ, ತಮಾಷೆ ಬಿಟ್ಟು, ‘ನಿಜವಾಗಿ ಬೇಡವಾ? ಬೇಡ ಅಂದರೂ ಪರವಾಗಿಲ್ಲ’ ಅಂತ ಕೇಳಿ. ಬೇಡ ಅಂತ ಬಂದರೆ, ಅಥವಾ ಉತ್ತರವೇ ಬರದಿದ್ದರೆ, ಮತ್ತೆ ಕೇಳಬೇಡಿ. ಬೇಡ ಅನ್ನುವವರಿಗೂ ಒಂದು ಮಾತು: ನಿಜವಾಗಿ ಬೇಡವಾದಾಗ ನಗುಮುಖ ತೆಗೆದು, ‘ಬೇಡ, ನನಗೆ ಇಷ್ಟ ಇಲ್ಲ’ ಅಂತ ಪೂರ್ತಿ ಬರೆದು, ಚುಕ್ಕಿ ಇಡಿ. ಆ ಜಾಗದಲ್ಲಿ ಚುಕ್ಕಿ ಬೇಕೇ ಬೇಕು.