ನೀರುದೋಸೆಯ ಆರು ಸೆಕೆಂಡು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ವೆಬ್ ಪುಟ ಮಾಡುವವರೇ ಜಾಸ್ತಿ. ಪುಟ ಬೇಗ ತೆರೆಯಬೇಕು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೇರವಾಗಿ ನಮ್ಮ ಅಕ್ಕನ ದೋಸೆಗೆ ಬರುತ್ತೇನೆ.

ಅಕ್ಕ ಮಂಗಳೂರಿನಲ್ಲಿ ಅಡುಗೆಯ ಒಂದು ಪುಟ ನಡೆಸುತ್ತಾಳೆ. ನೀರುದೋಸೆ ಮಾಡುವುದನ್ನು ಬರೆದು ತೋರಿಸುವುದು ಕಷ್ಟ. ಹಿಟ್ಟು ಎಷ್ಟು ತೆಳ್ಳಗಿರಬೇಕು, ಕಾವಲಿಯ ಅಂಚಿನಿಂದ ನಡುವಿಗೆ ಹೇಗೆ ಬೀಸಿ ಹೊಯ್ಯಬೇಕು, ತೂತು ಏಳುವಾಗ ಹೇಗೆ ಕಾಣುತ್ತದೆ, ಇವೆಲ್ಲ ಕಣ್ಣಿಂದಲೇ ಕಲಿಯಬೇಕು. ಅದಕ್ಕೆ ಅವಳು ಮೊಬೈಲಿನಲ್ಲಿ ಆರು ಸೆಕೆಂಡು ತೆಗೆದು, ಯಾವುದೋ ಆ್ಯಪಿನಲ್ಲಿ ಜಿಫ್ ಮಾಡಿ ಪುಟಕ್ಕೆ ಹಾಕಿದಳು. ಅವಳ ಮನೆಯ ವೈಫೈಯಲ್ಲಿ ಚೆನ್ನಾಗೇ ಓಡಿತು.

ಮಾರನೇ ದಿನ ಹೊಸನಗರದ ಕಡೆಯಿಂದ ನಮ್ಮ ಚಿಕ್ಕಮ್ಮ ಫೋನ್ ಮಾಡಿದರು. "ಅಲ್ವೇ, ನೀನು ಹಿಟ್ಟು ಹೊಯ್ಯೋಕೆ ಕೈ ಎತ್ತಿದವಳು ಹಾಗೇ ನಿಂತುಬಿಟ್ಟಿದ್ದೀಯಲ್ಲ, ಕಾವಲಿ ಸೀದುಹೋಗಲ್ವಾ?" ಅಂದರು. ಅಕ್ಕನಿಗೆ ಅರ್ಥವಾಗಲಿಲ್ಲ. ನನ್ನನ್ನು ಕೇಳಿದಳು. ಆ ಫೈಲ್ ತೆರೆದು ನೋಡಿದೆ: 7.5 ಎಂಬಿ ಇತ್ತು.

ಚಿಕ್ಕಮ್ಮನ ಮನೆಯಲ್ಲಿ ನೆಟ್‌ವರ್ಕ್ ಒಳ್ಳೆಯ ದಿನ ಸೆಕೆಂಡಿಗೆ ಒಂದು ಮೆಗಾಬಿಟ್ ಸಿಗುತ್ತದೆ. 7.5 ಎಂಬಿ ಅಂದರೆ 60 ಮೆಗಾಬಿಟ್. ಆರು ಸೆಕೆಂಡಿನ ದೋಸೆ ನೋಡಲು ಒಂದು ನಿಮಿಷ ಕಾಯಬೇಕು. ಜಿಫ್ ಇಳಿದಷ್ಟೇ ಚೌಕಟ್ಟುಗಳನ್ನು ಬ್ರೌಸರ್ ತೋರಿಸುತ್ತದೆ, ಮುಂದಿನದು ಬರುವ ತನಕ ನಿಲ್ಲುತ್ತದೆ. ಅದಕ್ಕೇ ಅಕ್ಕನ ಕೈ ಗಾಳಿಯಲ್ಲಿ ನಿಂತಿತ್ತು.

ಈಗ ಕೇಳಬೇಕಾದ ಪ್ರಶ್ನೆ: 7.5 ಎಂಬಿ ಎಲ್ಲಿಂದ ಬಂತು? ಲೆಕ್ಕ ಸುಲಭ. ಆ ಜಿಫ್ 480 ಪಿಕ್ಸೆಲ್ ಅಗಲ, 271 ಎತ್ತರ. ಸೆಕೆಂಡಿಗೆ 15 ಚೌಕಟ್ಟಿನಂತೆ ಆರು ಸೆಕೆಂಡಿಗೆ 90 ಚೌಕಟ್ಟು. ಜಿಫ್‌ನಲ್ಲಿ ಒಂದು ಪಿಕ್ಸೆಲ್‌ಗೆ ಹೆಚ್ಚೆಂದರೆ ಒಂದು ಬೈಟ್. ಗುಣಿಸಿದರೆ ಸುಮಾರು 11.7 ಎಂಬಿ. ಅದನ್ನು ಆ್ಯಪ್ ಒತ್ತಿ ಒತ್ತಿ 7.5ಕ್ಕೆ ಇಳಿಸಿದೆ ಅಷ್ಟೇ. ಜಿಫ್ ಬಂದದ್ದು 1987ರಲ್ಲಿ, ಕಂಪ್ಯೂಸರ್ವ್ ಕಂಪನಿಯಿಂದ. ಅದು ನಿಂತ ಚಿತ್ರಕ್ಕೆಂದು ಮಾಡಿದ್ದು. ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸುವ ಸಮಯದ ಲೆಕ್ಕ 1989ರ ಆವೃತ್ತಿಯಲ್ಲಿ ಬಂತು. ಕೊನೆಯಿಲ್ಲದೆ ಸುತ್ತುವುದನ್ನು ಸೇರಿಸಿದ್ದು ನೆಟ್‌ಸ್ಕೇಪ್ ಬ್ರೌಸರ್, 1995ರಲ್ಲಿ.

ಇದನ್ನು ಜಿಫ್ ಅನ್ನಬೇಕೋ ಗಿಫ್ ಅನ್ನಬೇಕೋ ಎಂಬ ಜಗಳ ನಿಮಗೆ ಗೊತ್ತೇ ಇದೆ. ಇಂಗ್ಲಿಷಿನವರು ಬರೆದು ತಪ್ಪಿಸಿಕೊಳ್ಳಬಹುದು. ಕನ್ನಡದವರಿಗೆ ಆ ಸೌಕರ್ಯ ಇಲ್ಲ, ಜ ಬರೆಯಬೇಕು ಇಲ್ಲ ಗ ಬರೆಯಬೇಕು. ಅದನ್ನು ಮಾಡಿದ ಸ್ಟೀವ್ ವಿಲ್‌ಹೈಟ್ ಜಿಫ್ ಎಂದರು, ನಾನು ಅವರ ಜೊತೆ.

ಜಿಫ್ ಒತ್ತುವ ರೀತಿ ಹೀಗೆ: ಪಿಕ್ಸೆಲ್‌ಗಳನ್ನು ಸಾಲಾಗಿ ಓದುತ್ತದೆ, ಮೊದಲು ಕಂಡ ಸಾಲೇ ಮತ್ತೆ ಬಂದರೆ "ಮೇಲಿನದ್ದೇ" ಎಂದು ಗುರುತು ಹಾಕುತ್ತದೆ. ಚಪ್ಪಟೆ ಬಣ್ಣದ ಲೋಗೊಗೆ ಇದು ತುಂಬಾ ಚೆನ್ನಾಗಿ ಒಗ್ಗುತ್ತದೆ. ಆದರೆ ದೋಸೆಯ ಮೇಲಿನ ಆವಿಯಲ್ಲಿ ಒಂದು ಸಾಲಿನಂತೆ ಇನ್ನೊಂದು ಇರುವುದಿಲ್ಲ. ಜೊತೆಗೆ ಒಂದು ಚೌಕಟ್ಟಿಗೆ 256 ಬಣ್ಣ ಮಾತ್ರ. ಬಿಳಿ ಹಿಟ್ಟಿನಿಂದ ಕಪ್ಪು ಕಾವಲಿಯವರೆಗಿನ ಛಾಯೆಗಳಿಗೆ ಅದು ಸಾಲದು. ಆಗ ಆ್ಯಪ್ ಏನು ಮಾಡುತ್ತದೆ? ಇರುವ ಬಣ್ಣಗಳನ್ನೇ ಚುಕ್ಕಿ ಚುಕ್ಕಿಯಾಗಿ ಪಕ್ಕಪಕ್ಕ ಉದುರಿಸುತ್ತದೆ. ರಂಗೋಲಿ ಪುಡಿ ಎರಡು ಬಣ್ಣ ಬೆರೆಸಿ ಉದುರಿಸಿದ ಹಾಗೆ, ದೂರದಿಂದ ನಡುವಿನ ಬಣ್ಣ ಕಾಣುತ್ತದೆ. ಅಕ್ಕನ ಜಿಫ್ ಅನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ. ಬಿಳಿ ದೋಸೆಯ ತುಂಬ ಬೂದು ಚುಕ್ಕಿ, ರವೆ ಚೆಲ್ಲಿದಂತೆ. ಈ ಚುಕ್ಕಿಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ವಿಡಿಯೊ ಬೇರೆ ರೀತಿ ಯೋಚಿಸುತ್ತದೆ. ಮೊದಲ ಚೌಕಟ್ಟನ್ನು ಪೂರ್ತಿ ಇಡುತ್ತದೆ. ಮುಂದಿನವುಗಳಲ್ಲಿ "ಈ ತುಂಡು ಇಷ್ಟು ಬಲಕ್ಕೆ ಸರಿಯಿತು, ಈ ತುಂಡು ಹಾಗೇ ಇದೆ" ಎಂದು ಬರೆದಿಡುತ್ತದೆ. ಜಿಫ್‌ಗೂ ಬದಲಾದ ಭಾಗವನ್ನಷ್ಟೇ ಇಡಲು ಬರುತ್ತದೆ. ಆದರೆ ಸರಿಯಿತು ಎಂದು ಹೇಳಲು ಬರುವುದಿಲ್ಲ. ಅಕ್ಕ ಒಂದು ಕೈಯಲ್ಲಿ ಮೊಬೈಲ್ ಹಿಡಿದಿದ್ದಳು. ಕೈ ಸ್ವಲ್ಪ ಅಲುಗಿದರೂ ಜಿಫ್‌ಗೆ ಇಡೀ ಅಡುಗೆಮನೆ ಹೊಸದು. ವಿಡಿಯೊಗೆ ಅದು ಎರಡು ಪಿಕ್ಸೆಲ್ ಸರಿದ ಹಳೆಯ ಅಡುಗೆಮನೆ.

ಸರಿ, ಪರಿವರ್ತಿಸೋಣ ಎಂದು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ತೆರೆದೆ. ಜಿಫ್ ಕೊಟ್ಟು, ಬೇರೇನೂ ಹೇಳದೆ ಎಂಪಿ4 ಮಾಡಿಸಿದೆ. ನನ್ನ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಓಡಿತು. ಅಕ್ಕನ ಐಫೋನಿನಲ್ಲಿ ಖಾಲಿ ಚೌಕ. ಇಲ್ಲಿ ತುಂಬ ಜನ ಎಡವುತ್ತಾರೆ, ಸ್ವಲ್ಪ ನಿಂತು ನೋಡೋಣ. ಜಿಫ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಇರುತ್ತದೆ. ಅದನ್ನು ಉಳಿಸಲು ಎಫ್‌ಎಫ್‌ಎಂಪೆಗ್ `yuv444p` ಎಂಬ ಬಗೆಯನ್ನು ಆರಿಸಿಕೊಂಡಿತ್ತು. ಆದರೆ ಎಂಪಿ4ನೊಳಗೆ ವಿಡಿಯೊ ಒತ್ತಿಡುವ ಎಚ್.264 ವಿಧಾನದಲ್ಲಿ ಎಷ್ಟೋ ಫೋನುಗಳು ಬಿಡಿಸಿ ತೋರಿಸಬಲ್ಲದ್ದು `yuv420p` ಮಾತ್ರ. ಇದರಲ್ಲಿ ಬೆಳಕು ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ನಿಮ್ಮ ಫೈಲ್ ಯಾವುದು ಎಂದು ತಿಳಿಯಲು `ffprobe dose.mp4` ಕೊಡಿ. ವಿಡಿಯೊದ ಸಾಲಿನಲ್ಲಿ `yuv444p` ಎಂದು ಕಂಡರೆ ಅಲ್ಲೇ ಕೆಲಸ ಕೆಟ್ಟಿದೆ.

ಹಾಗಾದರೆ `yuv420p` ಎಂದು ಹೇಳಿದೆ. ಈ ಸಲ ಬೇರೆ ತಕರಾರು:

```
height not divisible by 2 (480x271)
```

ನಾಲ್ಕು ಪಿಕ್ಸೆಲ್ ಎಂದರೆ ಎರಡರ ಎರಡು ಚೌಕ. ಅಗಲ, ಎತ್ತರ ಎರಡೂ ಸಮಸಂಖ್ಯೆ ಇರಬೇಕು. 271 ಬೆಸ. ಅಳತೆ ಹೇಳುವ `scale`ನಲ್ಲಿ ಎತ್ತರದ ಜಾಗಕ್ಕೆ `-2` ಎಂದು ಬರೆದರೆ ಅಗಲಕ್ಕೆ ತಕ್ಕ ಸಮಸಂಖ್ಯೆಯನ್ನು ಅದೇ ಹುಡುಕಿಕೊಳ್ಳುತ್ತದೆ.

ಇಷ್ಟಾದ ಮೇಲೆ ಬಂದ ಎಂಪಿ4 ಫೈಲ್ 620 ಕೆಬಿ. ಅಕ್ಕ ಖುಷಿಯಾದಳು. ನನಗೆ ಸಮಾಧಾನ ಆಗಲಿಲ್ಲ, ಯಾಕೆಂದರೆ ಹಿಗ್ಗಿಸಿ ನೋಡಿದರೆ ಆ ರವೆ ಹಾಗೇ ಇತ್ತು. ಚುಕ್ಕಿ ಪ್ರತಿ ಚೌಕಟ್ಟಿನಲ್ಲೂ ಜಾಗ ಬದಲಿಸುತ್ತಿತ್ತು. ವಿಡಿಯೊಗೆ ಅದು ಚಿತ್ರವೋ ಕಸವೋ ಗೊತ್ತಾಗುವುದಿಲ್ಲ, ಪಾಪ, ನಿಯತ್ತಾಗಿ ಕಸವನ್ನೂ ಬರೆದಿಡುತ್ತದೆ. ನಾನು ಅಕ್ಕನನ್ನು ಕೇಳಿದೆ: "ಮೊಬೈಲಿನಲ್ಲಿ ತೆಗೆದ ಮೂಲ ವಿಡಿಯೊ ಇದೆಯಾ?" ಇತ್ತು. ಅದರಿಂದ ಅದೇ ಆರು ಸೆಕೆಂಡು, ಅದೇ ಅಳತೆಗೆ ಮಾಡಿದರೆ 210 ಕೆಬಿ. ಆವಿ ನಯವಾಗಿ ಏಳುತ್ತಿತ್ತು, ದೋಸೆಯ ಒಂದೊಂದು ತೂತು ಎಣಿಸಬಹುದಿತ್ತು.

ನಾನು ಇಂದು ಬಂದದ್ದೇ ಇದನ್ನು ಹೇಳಲು. ಯಾರಾದರೂ ಜಿಫ್ ತಂದುಕೊಟ್ಟು ವಿಡಿಯೊ ಮಾಡಿಕೊಡಿ ಎಂದರೆ, ಮೊದಲು ಮೂಲ ಎಲ್ಲಿದೆ ಕೇಳಿ. ವಾಟ್ಸ್‌ಆ್ಯಪಿನಲ್ಲಿ ಇರಬಹುದು, ಹಳೆಯ ಫೋನಿನಲ್ಲಿ ಇರಬಹುದು. ಹತ್ತು ನಿಮಿಷ ಹುಡುಕಿಸಿ. ಎಲ್ಲೂ ಸಿಗದಿದ್ದರೆ ಮಾತ್ರ ಜಿಫ್‌ಗೆ ಕೈ ಹಾಕಿ.

ಮೂಲ ಸಿಕ್ಕಾಗ ನಾನು ಕೊಡುವ ಆಜ್ಞೆ ಇದು:

```
ffmpeg -ss 4 -t 6 -i dose.mov -an \
  -vf "fps=15,scale=480:-2" \
  -c:v libx264 -crf 26 -pix_fmt yuv420p \
  -movflags +faststart dose.mp4
```

ನಾಲ್ಕನೇ ಸೆಕೆಂಡಿನಿಂದ ಆರು ಸೆಕೆಂಡು ತೆಗೆದುಕೊಳ್ಳುತ್ತದೆ. `-an` ಎಂದರೆ ಧ್ವನಿ ಬೇಡ. `-crf` ಗುಣಮಟ್ಟದ ಸಂಖ್ಯೆ, ಏನೂ ಹೇಳದಿದ್ದರೆ 23. ಸಂಖ್ಯೆ ಹೆಚ್ಚಿದಷ್ಟು ಫೈಲ್ ಚಿಕ್ಕದು, ಚಿತ್ರ ಒರಟು. ಚಿಕ್ಕ ಅಳತೆಯ ಅಡುಗೆ ವಿಡಿಯೊಗೆ 26 ಸಾಕು. 30ಕ್ಕೆ ಹೋದಾಗ ಆವಿ ತುಂಡು ತುಂಡಾಯಿತು, ವಾಪಸ್ ಬಂದೆ. ಕೊನೆಯ `faststart` ಮರೆಯಬೇಡಿ. ಎಂಪಿ4 ಫೈಲಿನ ಪರಿವಿಡಿ ಸುಮ್ನೆ ಬಿಟ್ಟರೆ ಕೊನೆಯ ಪುಟದಲ್ಲಿರುತ್ತದೆ. ಇದು ಅದನ್ನು ಮೊದಲಿಗೆ ತರುತ್ತದೆ, ಫೈಲ್ ಪೂರ್ತಿ ಬರುವ ಮೊದಲೇ ಓಡಲು ಶುರುವಾಗುತ್ತದೆ.

ಚೀಟಿ ಬಂತು, ಇನ್ನು ಐದು ನಿಮಿಷವಂತೆ. ಪುಟದಲ್ಲಿ ಹಾಕುವುದನ್ನು ಬೇಗ ಹೇಳಿಬಿಡುತ್ತೇನೆ.

```
<video autoplay loop muted playsinline
  width="480" height="270"
  poster="dose.jpg" src="dose.mp4"
  aria-label="ಕಾವಲಿಗೆ ನೀರುದೋಸೆ ಹೊಯ್ಯುವುದು"></video>
```

ಧ್ವನಿ ಕಿತ್ತುಹಾಕಿದ್ದರೂ `muted` ಬರೆಯಿರಿ. ಸದ್ದು ಮಾಡಬಹುದಾದ ವಿಡಿಯೊ ತಾನಾಗಿ ಓಡಲು ಬ್ರೌಸರ್‌ಗಳು ಸಾಮಾನ್ಯವಾಗಿ ಬಿಡುವುದಿಲ್ಲ. `playsinline` ಐಫೋನಿಗಾಗಿ. ಅದಿಲ್ಲದಿದ್ದರೆ ಪುಟದೊಳಗೆ ಓಡುವುದಿಲ್ಲ, ಒತ್ತಿದಾಗ ಪರದೆ ತುಂಬ ತೆರೆದುಕೊಳ್ಳುತ್ತದೆ. ಅಗಲ ಎತ್ತರ ಬರೆದರೆ ವಿಡಿಯೊ ಬಂದಾಗ ಕೆಳಗಿನ ಬರಹ ಜಿಗಿಯುವುದಿಲ್ಲ. ಐಫೋನ್ ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿದ್ದರೆ ಇಷ್ಟೆಲ್ಲ ಇದ್ದರೂ ತಾನಾಗಿ ಓಡದು, ಆಗ `poster` ಚಿತ್ರವೇ ಕಾಣುವುದು. ಅದಕ್ಕೆ ಒಳ್ಳೆಯ ಚೌಕಟ್ಟನ್ನೇ ಆರಿಸಿ. ಅಕ್ಕ ಹಿಟ್ಟು ಹರಡಿ ತೂತು ಎದ್ದ ಗಳಿಗೆಯನ್ನು ಇಟ್ಟಿದ್ದಾಳೆ.

ಒಂದೇ ಪುಟದಲ್ಲಿ ಹತ್ತು ವಿಡಿಯೊ ಇದ್ದರೆ `autoplay` ಹತ್ತನ್ನೂ ಒಟ್ಟಿಗೆ ಇಳಿಸತೊಡಗುತ್ತದೆ. `IntersectionObserver` ಬಳಸಿ, ಓದುಗರು ಹತ್ತಿರ ಬಂದಾಗ ಮಾತ್ರ `src` ತುಂಬಿ. ಐದು ಸೆಕೆಂಡಿಗಿಂತ ಹೆಚ್ಚು ಓಡುವ ಚಲನೆಗೆ ನಿಲ್ಲಿಸುವ ಗುಂಡಿಯೂ ಬೇಕು, ಅಲುಗಾಟ ನೋಡಿದರೆ ತಲೆ ಸುತ್ತುವವರು ಇದ್ದಾರೆ. `controls` ಸೇರಿಸಿದರೆ ಸಾಕು. ಜಿಫ್‌ನಲ್ಲಿ ಈ ದಾರಿಯೇ ಇರಲಿಲ್ಲ.

ಎಲ್ಲಿ ಮಾಡಬಾರದು ಎಂಬುದಕ್ಕೆ ಇನ್ನೂ ಬಹಳ ಇಟ್ಟುಕೊಂಡಿದ್ದೆ, ಎರಡೇ ಹೇಳುತ್ತೇನೆ. ಇಮೇಲ್‌ನಲ್ಲಿ ಜಿಫ್ ಇರಲಿ, ಬಹಳಷ್ಟು ಮೇಲ್ ತಂತ್ರಾಂಶಗಳಲ್ಲಿ ವಿಡಿಯೊ ಓಡುವುದಿಲ್ಲ. ಹಿನ್ನೆಲೆ ಪಾರದರ್ಶಕವಾಗಿರುವ ಜಿಫ್ ಅನ್ನೂ ಹೀಗೆ ಮಾಡಬೇಡಿ, ಎಚ್.264 ವಿಡಿಯೊದಲ್ಲಿ ಬ್ರೌಸರ್‌ಗಳು ಪಾರದರ್ಶಕತೆ ತೋರಿಸುವುದಿಲ್ಲ.

ಹಿಂದೆ ಕೂತವರು ಕೈ ಎತ್ತಿದ್ದೀರಿ. ಪರದೆಯ ರೆಕಾರ್ಡಿಂಗಾ? ಕನ್ನಡ ಅಕ್ಷರಗಳು ಮಸುಕಾಗುತ್ತವೆ ಅಂತೀರಾ? ಹೌದು, ಅದೂ `yuv420p`ಯ ಬಣ್ಣದ ಉಳಿತಾಯದಿಂದಲೇ. ಬಿಳಿಯ ಮೇಲೆ ಕಪ್ಪು ಅಕ್ಷರ ಚೆನ್ನಾಗೇ ಉಳಿಯುತ್ತದೆ, ಅಲ್ಲಿ ಬೆಳಕಿನ ವ್ಯತ್ಯಾಸವೇ ಕೆಲಸ ಮಾಡುತ್ತದೆ. ನೀಲಿಯ ಮೇಲೆ ಕೆಂಪು ಅಕ್ಷರ ಇದ್ದರೆ ಬಣ್ಣ ಆಚೀಚೆ ಸೋರುತ್ತದೆ, ಮೊದಲು ಕರಗುವುದು ಕೆಳಗಿನ ಒತ್ತಕ್ಷರ. ಅಕ್ಷರಗಳನ್ನು ದೊಡ್ಡದು ಮಾಡಿ ಮತ್ತೆ ರೆಕಾರ್ಡ್ ಮಾಡಿ, `-crf` 20ಕ್ಕೆ ಇಳಿಸಿ. ನಿಮ್ಮ ಫೈಲ್ ಇಲ್ಲೇ ಇದ್ದರೆ ಲ್ಯಾಪ್‌ಟಾಪ್ ತನ್ನಿ, ಕಾಫಿ ಕುಡಿಯುತ್ತಾ ಒಟ್ಟಿಗೆ ಓಡಿಸಿ ನೋಡೋಣ.